ಇಬ್ಬರು, ಎರಡು ಬ್ಯಾಗು, ಒಂದು ಘಾಟಿ: ಸ್ಕೂಟರಾ, ಬೈಕಾ?

ನಾವಿರುವುದು ಗುಡ್ಡದ ಮೇಲೆ, ರೈಲು ನಿಲ್ಲುವುದು ಕೆಳಗೆ. ನಡುವೆ 9 ಕಿಲೋಮೀಟರ್ ತಿರುವು ರಸ್ತೆ. ಎತ್ತರದ ಲೆಕ್ಕದಲ್ಲಿ 600 ಮೀಟರ್ ಇಳಿತ. ಒಂದೇ ತಿಂಗಳಲ್ಲಿ ನಾನು ಮತ್ತು ಹೆಂಡತಿ ಎರಡು ಸಲ ಲಗೇಜ್ ಸಮೇತ ಇಳಿದು ಹತ್ತಬೇಕಾಯಿತು. ಮೊದಲ ಸಲ ನಮ್ಮ 110 ಸಿಸಿ ಸ್ಕೂಟರ್‌ನಲ್ಲಿ, ಎರಡನೇ ಸಲ ಬಾಮೈದನ 150 ಸಿಸಿ ಬೈಕಿನಲ್ಲಿ. ಇಂಥದೇ ಊರಲ್ಲಿದ್ದು ಯಾವುದು ತೆಗೆದುಕೊಳ್ಳಲಿ ಎಂದು ಯೋಚಿಸುತ್ತಿರುವವರಿಗೆ ನನ್ನ ಅನುಭವ ಉಪಯೋಗಕ್ಕೆ ಬಂದೀತು.

ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಇಬ್ಬರನ್ನು ಕೂರಿಸ್ಕೊಂಡು ಏರು ಹತ್ತತ್ತಾ?" ಹತ್ತುತ್ತೆ. ನಮ್ಮಿಬ್ಬರ ತೂಕ 130 ಕಿಲೋ, ಬ್ಯಾಗು ಎರಡೂ ಸೇರಿ 30. ಸ್ಕೂಟರ್ 110. ಒಟ್ಟು 270 ಕಿಲೋ. ಅಷ್ಟು ಹೊತ್ತುಕೊಂಡೂ ಅದು ತೀರಾ ಕಡಿದಾದ ಕಡೆ ಗಂಟೆಗೆ 25 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಮೇಲಕ್ಕೆ ಬಂತು. ಗೊಣಗಿತು, ಆದರೆ ಬಂತು. ನನ್ನನ್ನು ಹೆದರಿಸಿದ್ದು ಇಳಿಜಾರು.

ಹೊರಟಿದ್ದು ಬೆಳಗ್ಗೆ. ರಸ್ತೆ ಒದ್ದೆ ಇತ್ತು, ಹಿಂದೆ ಹೆಂಡತಿ, ಕಾಲ ಬಳಿ ಬ್ಯಾಗು. ಸುಮ್ನೆ ಯಾಕೆ ರಿಸ್ಕು ಅಂತ 12-15ರ ವೇಗದಲ್ಲೇ ಇಳಿಯುತ್ತಿದ್ದೆ. ಎಡಗೈ ಬ್ರೇಕ್ ಹಿಡಿದಿದ್ದು ಬಿಟ್ಟೇ ಇಲ್ಲ. ಐದನೇ ಹೇರ್‌ಪಿನ್ ದಾಟಿದ ಮೇಲೆ ಹೆಂಡತಿ ಕೇಳಿದಳು, "ರೀ, ಏನೋ ಸುಟ್ಟ ವಾಸನೆ ಬರ್ತಿದೆ ಅಲ್ವಾ?" ಮುಂದೆ ಹೋದ ಲಾರಿಯದು ಅಂದೆ. ಇನ್ನೊಂದು ತಿರುವಿಗೆ ಬರುವಷ್ಟರಲ್ಲಿ ಬ್ರೇಕ್ ಲಿವರ್ ಮೊದಲಿಗಿಂತ ಎರಡರಷ್ಟು ಒಳಗೆ ಬರುತ್ತಿತ್ತು. ಹಿಡಿಗೆ ತಾಗಲು ಒಂದು ಬೆರಳಿನಷ್ಟು ಜಾಗ ಉಳಿದಿತ್ತು. ಜೋರಾಗಿ ಒತ್ತಿದರೂ ಗಾಡಿ ನಿಲ್ಲುವ ಬದಲು ಜಾರಿಕೊಂಡು ಹೋಗುವ ಹಾಗಿತ್ತು. ಬಲಗೈ ಬ್ರೇಕ್ ಮೆಲ್ಲಗೆ ಹಿಡಿದು, ರಸ್ತೆ ಸ್ವಲ್ಪ ಸಮ ಇದ್ದ ಕಡೆ ಬದಿಗೆ ನಿಲ್ಲಿಸಿದೆ. ಹಿಂದಿನ ಚಕ್ರದ ಮಧ್ಯದಿಂದ ಬಿಸಿ ಹೊಡೆಯುತ್ತಿತ್ತು. ಅರ್ಧ ಗಂಟೆ ಕೂತೆವು. ನೀರು ಸುರಿಯೋಣ ಅಂತ ಬಾಟಲಿ ತೆಗೆದಿದ್ದೆ, ಸದ್ಯ ಸುರಿಯಲಿಲ್ಲ. ಕಾದ ಲೋಹಕ್ಕೆ ತಣ್ಣೀರು ಬಿದ್ದರೆ ಡ್ರಮ್ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಒಳಗೆ ನೀರು ಹೋದರೆ ಇರುವ ಬ್ರೇಕೂ ಹಿಡಿಯುವುದಿಲ್ಲ.

ಆಮೇಲೆ ಮನೆಯಲ್ಲಿ ಕೂತು ಲೆಕ್ಕ ಹಾಕಿದೆ. 270 ಕಿಲೋ ತೂಕ 600 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ನಾಲ್ಕೂವರೆ ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ನೀವು ಮೆಲ್ಲಗೆ ಹೋಗಿ, ಜೋರಾಗಿ ಹೋಗಿ, ಮೊತ್ತ ಅಷ್ಟೇ. ಗಾಳಿ ಮತ್ತು ಟೈರು ಒಂದು ಪಾಲು ತಿನ್ನುತ್ತವೆ. ಮಿಕ್ಕಿದ್ದನ್ನು ಒಂದೋ ಇಂಜಿನ್ ಹಿಡಿಯಬೇಕು, ಇಲ್ಲ ಬ್ರೇಕ್ ನುಂಗಬೇಕು. ನಾನು ಮಾಡಿದ ತಪ್ಪು ಏನೆಂದರೆ, ಇಂಜಿನ್ನನ್ನು ಆಟದಿಂದಲೇ ಹೊರಗಿಟ್ಟಿದ್ದೆ. ಅದೂ ಗೊತ್ತಿಲ್ಲದೆ.

ಗೇರ್ ಇಲ್ಲದ ಸ್ಕೂಟರ್‌ನಲ್ಲಿ ಇಂಜಿನ್ನಿಗೂ ಚಕ್ರಕ್ಕೂ ನಡುವೆ ಒಂದು ಬೆಲ್ಟು, ಅದರ ಹಿಂದೆ ತಾನೇ ಹಿಡಿದು ತಾನೇ ಬಿಡುವ ಕ್ಲಚ್ ಇರುತ್ತದೆ. ತಿರುಗುವ ವೇಗಕ್ಕೆ ಕ್ಲಚ್‌ನ ಶೂಗಳು ಹೊರಕ್ಕೆ ಚಾಚಿ ಹಿಡಿಯುತ್ತವೆ. ವೇಗ ಕಡಿಮೆಯಾದರೆ ಬಿಟ್ಟುಬಿಡುತ್ತವೆ. ಬಿಟ್ಟ ಕ್ಷಣದಿಂದ ಸ್ಕೂಟರ್ ಇಳಿಜಾರಿನಲ್ಲಿ ಬಿಟ್ಟ ಸೈಕಲ್ ಇದ್ದ ಹಾಗೆ. ಇಂಜಿನ್ ಶಬ್ದ ಕೇಳುತ್ತಿರುತ್ತದೆ, ಆದರೆ ಅದಕ್ಕೂ ಚಕ್ರಕ್ಕೂ ಸಂಬಂಧ ಇರುವುದಿಲ್ಲ.

ನಿಮ್ಮ ಗಾಡಿ ಎಷ್ಟಕ್ಕೆ ಬಿಡುತ್ತದೆ ಎಂದು ತಿಳಿಯುವುದು ಸುಲಭ. ಒಬ್ಬರೇ ಇರುವಾಗ, ಖಾಲಿ ರಸ್ತೆಯ ಸಣ್ಣ ಇಳಿಜಾರಿನಲ್ಲಿ 30ರಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಡಿ. ಹಿಂದಿನಿಂದ ಯಾರೋ ಹಗ್ಗ ಹಿಡಿದು ಎಳೆದ ಹಾಗೆ ಅನ್ನಿಸುತ್ತದೆ. ಈಗ ಬ್ರೇಕಿನಿಂದ ನಿಧಾನಕ್ಕೆ ವೇಗ ಇಳಿಸುತ್ತಾ ಬನ್ನಿ. ಒಂದು ಹಂತದಲ್ಲಿ ಆ ಹಗ್ಗ ಕೈಬಿಟ್ಟಂತೆ ಗಾಡಿ ಹಗುರಾಗಿ ಮುಂದಕ್ಕೆ ಓಡುತ್ತದೆ. ಆಗ ಮೀಟರಿನಲ್ಲಿ ಎಷ್ಟಿದೆ ನೋಡಿಕೊಳ್ಳಿ. ನನ್ನದರಲ್ಲಿ ಸುಮಾರು 15. ಅಂದರೆ ಅವತ್ತು ನಾನು ಬಹುಪಾಲು ದಾರಿ ಇಂಜಿನ್ ಹಿಡಿತವೇ ಇಲ್ಲದೆ, ಬರೀ ಬ್ರೇಕಿನ ಮೇಲೆ ಇಳಿದಿದ್ದೆ.

ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಇಳಿಜಾರಿನಲ್ಲಿ ನಿಂತು ಮತ್ತೆ ಹೊರಡುವಾಗ ಬ್ರೇಕ್ ಬಿಟ್ಟರೆ ಸಾಕು, ಗಾಡಿ ತಾನೇ ಉರುಳುತ್ತದೆ. ಆದರೆ ಹಾಗೆ ಉರುಳಿದರೆ ಕ್ಲಚ್ ಹಿಡಿಯುವುದೇ ಇಲ್ಲ, ವೇಗ 30 ಆದರೂ. ಹಿಡಿಯಬೇಕೆಂದರೆ 20 ದಾಟಿದಾಗ ಆಕ್ಸಿಲರೇಟರ್ ಒಂಚೂರು ಕೊಟ್ಟು ಬಿಡಬೇಕು. ಕೊಟ್ಟಾಗ ಒಂದು ಸಣ್ಣ ತಡೆ ಗೊತ್ತಾಗುತ್ತದೆ, ಅಲ್ಲಿಂದ ಇಂಜಿನ್ ಜೊತೆಗಿರುತ್ತದೆ. ಹೇರ್‌ಪಿನ್‌ನಲ್ಲಿ ವೇಗ ಬಿದ್ದಾಗಲೂ ಇದೇ ಕೆಲಸ. ಈಗ ನಾನು ಸ್ಕೂಟರ್‌ನಲ್ಲಿ ಇಳಿಯುವುದು 22-28ರ ನಡುವೆ. ಎರಡೂ ಬ್ರೇಕನ್ನು ಒಟ್ಟಿಗೆ, ಗಟ್ಟಿಯಾಗಿ, ಸ್ವಲ್ಪ ಹೊತ್ತು ಒತ್ತಿ ಪೂರ್ತಿ ಬಿಡುತ್ತೇನೆ. ಬಿಟ್ಟಾಗಲೇ ಡ್ರಮ್ ಆರುವುದು. ಆದರೂ ಸ್ಕೂಟರ್ ಇಂಜಿನ್ ಹಿಡಿಯುವುದು ಸ್ವಲ್ಪವೇ. ಕಡಿದಾದ ಕಡೆ 270 ಕಿಲೋ ತಡೆಯುವ ಶಕ್ತಿ ಅದಕ್ಕಿಲ್ಲ. ಅದಕ್ಕೇ ಅರ್ಧ ದಾರಿಯಲ್ಲಿ ಹತ್ತು ನಿಮಿಷ ನಿಲ್ಲಿಸುತ್ತೇನೆ. ಹೆಂಡತಿಗೆ ಇದು ನನ್ನ ವಯಸ್ಸಿನ ಲಕ್ಷಣ.

ಎರಡನೇ ಸಲ ಬೈಕಿನಲ್ಲಿ ಇಳಿದಾಗ ವ್ಯತ್ಯಾಸ ಮೊದಲ ಕಿಲೋಮೀಟರಿನಲ್ಲೇ ಗೊತ್ತಾಯಿತು. ಎರಡನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಬಿಟ್ಟರೆ ಗಾಡಿ ತಾನಾಗಿ 25-30ರಲ್ಲಿ ನಿಂತುಕೊಳ್ಳುತ್ತಿತ್ತು. ಕಡಿದಾದ ತಿರುವಿಗೆ ಒಂದನೇ ಗೇರು. ನಾವಾಗಿ ಕ್ಲಚ್ ಲಿವರ್ ಒತ್ತದಿದ್ದರೆ ಇಂಜಿನ್ ಎಂದೂ ಕೈಬಿಡುವುದಿಲ್ಲ, 10ರ ವೇಗದಲ್ಲೂ. ಕೆಳಗೆ ತಲುಪಿದ ಮೇಲೆ ಹಿಂದಿನ ಡ್ರಮ್ ಬಳಿ ಕೈ ಹಿಡಿದು ನೋಡಿದೆ, ಸುಡುವಂಥ ಬಿಸಿ ಇರಲಿಲ್ಲ. ಒಂದೇ ಎಚ್ಚರಿಕೆ: ಗೇರ್ ಇಳಿಸುವುದು ತಿರುವಿಗೆ ಮೊದಲು. ತಿರುವಿನೊಳಗೆ ಇಳಿಸಿ ಕ್ಲಚ್ ತಟ್ಟನೆ ಬಿಟ್ಟರೆ ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಜಾರುತ್ತದೆ.

ಹಾಗಾದರೆ ಬೈಕೇ ಒಳ್ಳೆಯದು ಅಂತ ಮುಗಿಸಬಹುದಿತ್ತು. ವಾಪಸ್ ಹತ್ತುವಾಗ ಮೂರನೇ ಹೇರ್‌ಪಿನ್‌ನಲ್ಲಿ ಬಸ್ಸು ಎದುರಾಯಿತು. ಎಡಕ್ಕೆ ತಿರುಗುವ ತಿರುವು, ನಾನು ಒಳಗಿನ ಅಂಚಿನಲ್ಲಿ. ಅಂಚು ಅಂದರೆ ತಿರುವಿನ ಅತ್ಯಂತ ಕಡಿದಾದ ಜಾಗ, ರಸ್ತೆಯೂ ಎಡಕ್ಕೇ ವಾಲಿರುತ್ತದೆ. ನಿಲ್ಲಿಸಿದೆ. ಇಂಜಿನ್ ಆಫ್ ಆಯಿತು. ಎಡಗಾಲು ಇಟ್ಟರೆ ನೆಲ ಸಿಗಲಿಲ್ಲ, ಇನ್ನೂ ಅರ್ಧ ಗೇಣು ಕೆಳಗಿತ್ತು. ಮುಂದಿನ ಬ್ರೇಕ್ ಹಿಡಿದಿದ್ದೇನೆ, ಆದರೂ ಗಾಡಿ ಹಿಂದಕ್ಕೆ ಜಾರುತ್ತಿದೆ. ಏರಿನಲ್ಲಿ ಭಾರವೆಲ್ಲ ಹಿಂದಿನ ಚಕ್ರದ ಮೇಲೆ, ಮುಂದಿನದು ಹಗುರ. ಲಾಕ್ ಆದರೂ ಹಿಡಿಯುವುದಿಲ್ಲ. ಹಿಡಿಯಬೇಕಾದ್ದು ಬಲಗಾಲಿನ ಹಿಂದಿನ ಬ್ರೇಕ್, ನನ್ನ ಬಲಗಾಲು ಗಾಬರಿಯಲ್ಲಿ ನೆಲ ಹುಡುಕುತ್ತಿತ್ತು. ಹೆಂಡತಿ ತಟಕ್ಕನೆ ಬಲಗಡೆಗೆ ಇಳಿದಿದ್ದರಿಂದ ಬಚಾವ್.

ಸ್ಕೂಟರ್‌ನಲ್ಲಿ ಈ ಪರಿಸ್ಥಿತಿ ಏನೂ ಅಲ್ಲ. ಎರಡು ಬ್ರೇಕೂ ಕೈಯಲ್ಲಿ, ಎರಡು ಕಾಲೂ ನೆಲದಲ್ಲಿ. ಎಡಗೈ ಬ್ರೇಕ್ ಹಿಡಿದು, ಬಲಗೈಯಲ್ಲಿ ಆಕ್ಸಿಲರೇಟರ್ ಕೊಟ್ಟು, ಎಳೆಯತೊಡಗಿದಾಗ ಬ್ರೇಕ್ ಬಿಟ್ಟರಾಯಿತು. ಬೈಕಿನಲ್ಲಿ ಬಲಗಾಲು ಬ್ರೇಕ್ ಮೇಲೆ, ಎಡಗಾಲೊಂದೇ ಮೂರು ನೂರು ಕಿಲೋಗೆ ಆಧಾರ. ಕ್ಲಚ್ ನಿಧಾನ ಬಿಡುತ್ತಾ ಇಂಜಿನ್ ಶಬ್ದ ಸ್ವಲ್ಪ ಇಳಿದು ಹಿಂಭಾಗ ಕುಸಿದಂತೆ ಅನ್ನಿಸಿದಾಗ ಮಾತ್ರ ಬ್ರೇಕ್ ಬಿಡಬೇಕು. ಹಿಂದೆ ಜನ, ಲಗೇಜು ಇಟ್ಟುಕೊಂಡು ಇದನ್ನು ಕಲಿಯಬೇಡಿ. ಮೊದಲು ಒಬ್ಬರೇ ಹೋಗಿ ಇಪ್ಪತ್ತು ಸಲ ಮಾಡಿ.

ಏರಿನಲ್ಲಿ ಸ್ಕೂಟರ್‌ಗೂ ಒಂದು ಕಾಯಿಲೆ ಇದೆ. ನಿಧಾನ ಹತ್ತುವ ಲಾರಿಯ ಹಿಂದೆ 8-10ರಲ್ಲಿ ತೆವಳಿದರೆ ಕ್ಲಚ್ ಪೂರ್ತಿ ಹಿಡಿಯದೆ ಜಾರುತ್ತಲೇ ಇರುತ್ತದೆ. ಬಿಸಿಯಾಗಿ, ಹೊರಡುವಾಗ ಗಡಗಡ ಅಂತ ನಡುಗಲು ಶುರುವಾಗುತ್ತದೆ. ಲಾರಿ ಮುಂದೆ ಹೋಗಲು ಬಿಟ್ಟು, ನಿಂತು, ಜಾಗ ಸಿಕ್ಕಾಗ ಒಂದೇ ಉಸಿರಿಗೆ ಹತ್ತುವುದು ಒಳ್ಳೆಯದು. ಬ್ರೇಕ್ ಹಿಡಿಯದೆ ಆಕ್ಸಿಲರೇಟರ್‌ನಿಂದಲೇ ಗಾಡಿಯನ್ನು ಏರಿನಲ್ಲಿ ನಿಲ್ಲಿಸಿಕೊಳ್ಳುವ ಚಾಳಿ ಇದ್ದರೆ ಬಿಡಿ.

ಲಗೇಜಿನ ವಿಷಯಕ್ಕೆ ಬಂದರೆ, ಸ್ಕೂಟರ್‌ನ ಕಾಲಿಡುವ ಜಾಗಕ್ಕೆ ಸಾಟಿ ಇಲ್ಲ. ಭಾರದ ಬ್ಯಾಗು ಅಲ್ಲಿಟ್ಟರೆ ತೂಕ ಕೆಳಗೂ ಇರುತ್ತದೆ, ಮುಂದೂ ಇರುತ್ತದೆ. ಸ್ಕೂಟರ್‌ನಲ್ಲಿ ಇಂಜಿನ್ನೇ ಹಿಂದೆ, ಹಿಂದೆ ಕೂತವರು ಹಿಂದೆ. ಬ್ಯಾಗೂ ಹಿಂದೆ ಕಟ್ಟಿದರೆ ಏರಿನಲ್ಲಿ ಹ್ಯಾಂಡಲ್ ತೇಲಿದ ಹಾಗೆ ಆಗುತ್ತದೆ. ಆದರೆ ಬ್ಯಾಗು ಇಟ್ಟಮೇಲೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಹೇರ್‌ಪಿನ್‌ನಲ್ಲಿ ಹ್ಯಾಂಡಲ್ ಬ್ಯಾಗಿಗೆ ತಡೆದರೆ ಕಥೆ ಮುಗಿಯಿತು. ಬೈಕಿನಲ್ಲಿ ಇಬ್ಬರು ಕೂತಮೇಲೆ ಉಳಿಯುವುದು ಹಿಂದಿನ ತುದಿ ಮತ್ತು ಎರಡು ಬದಿ. ತುದಿಯಲ್ಲಿ ಕಟ್ಟಿದ ಭಾರ ಹಿಂದಿನ ಚಕ್ರಕ್ಕಿಂತಲೂ ಹಿಂದಕ್ಕೆ ಹೋಗುತ್ತದೆ. ಅದಕ್ಕೇ ಬದಿಗೆ ನೇತುಹಾಕುವ ಜೋಡಿ ಬ್ಯಾಗೇ ವಾಸಿ, ಎರಡೂ ಕಡೆ ಸಮ ತೂಕ. ಹೆಂಡತಿ ಬೆನ್ನಿಗೆ ಬ್ಯಾಗು ಹಾಕಿಕೊಂಡಿದ್ದಳು. ಏರಿನುದ್ದಕ್ಕೂ ಅದು ಅವಳನ್ನು ಹಿಂದಕ್ಕೆ ಜಗ್ಗಿತು, ಅವಳು ನನ್ನನ್ನು ಜಗ್ಗಿದಳು.

ಹೊರಡುವ ಮೊದಲು ಎರಡೇ ಅಂಕಿ ನೋಡಿಕೊಳ್ಳಿ. ಗಾಡಿಯ ಕೈಪಿಡಿಯಲ್ಲಿ ಹೊರಬಹುದಾದ ಭಾರ ಬರೆದಿರುತ್ತದೆ. ನಿಮ್ಮಿಬ್ಬರ ಮತ್ತು ಬ್ಯಾಗಿನ ತೂಕ ಅದರೊಳಗಿರಬೇಕು. ನಾವು ಅವತ್ತು ಮೀರಿದ್ದೆವು, ಈಗ ಒಂದೇ ಬ್ಯಾಗು ಒಯ್ಯುತ್ತೇವೆ. ಇನ್ನೊಂದು ಹಿಂದಿನ ಟೈರಿನ ಗಾಳಿ. ನಮ್ಮ ಸ್ಕೂಟರ್‌ಗೆ ಒಬ್ಬರಿಗಾದರೆ 29 ಪಿಎಸ್‌ಐ, ಇಬ್ಬರಿಗೆ 36.

ನನ್ನ ತೀರ್ಮಾನ ಹೀಗೆ. ಊರೊಳಗೇ ಓಡಾಟ, ನಿಂತು ನಿಂತು ಹೋಗುವ ಸಣ್ಣ ಏರಿಳಿತ, ಒಂದೊಂದು ಇಳಿಜಾರು ಒಂದೆರಡು ಕಿಲೋಮೀಟರ್ ಮಾತ್ರ ಅಂದರೆ ಸ್ಕೂಟರ್, ಸಾಧ್ಯವಾದರೆ 125 ಸಿಸಿ ಮತ್ತು ಮುಂದೆ ಡಿಸ್ಕ್ ಬ್ರೇಕ್. ವಾರಕ್ಕೆರಡು ಸಲ ಇಬ್ಬರೂ ಉದ್ದದ ಘಾಟಿ ಇಳಿಯಬೇಕು, ಏರಿನಲ್ಲಿ ನಿಂತು ಹೊರಡುವ ಅಭ್ಯಾಸವೂ ಇದೆ ಅಂದರೆ ಬೈಕ್. ನಮಗೆ ರೈಲು ವರ್ಷಕ್ಕೆ ನಾಲ್ಕೈದು ಸಲ. ಹಾಗಾಗಿ ಸ್ಕೂಟರನ್ನೇ ಇಟ್ಟುಕೊಂಡು ಬ್ರೇಕ್ ಶೂ ಹೊಸದು ಹಾಕಿಸಿದೆ. ಹಳೆಯದನ್ನು ಬಿಚ್ಚಿದಾಗ ಅದರ ಮೇಲ್ಮೈ ಗಾಜಿನ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಮೆಕ್ಯಾನಿಕ್ ಅದನ್ನು ನನ್ನ ಅಂಗೈಗೆ ಹಾಕಿ, "ಘಾಟಿ ಇಳಿದ್ರಾ ಸಾರ್?" ಅಂದ.