ಹದಿಮೂರನೇ ದಿನದ ಪತ್ರಿಕೆಯ ಒಕ್ಕಣೆ: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

“ನಮ್ಮ ತಂದೆಯವರ ವೈಕುಂಠ ಸಮಾರಾಧನೆಗೆ ಎರಡು ಸಾಲು ಚೆನ್ನಾಗಿ ಬರೆದುಕೊಡುತ್ತೀರಾ? ಪ್ರೆಸ್ಸಿನವರು ಕಾಯುತ್ತಿದ್ದಾರೆ.”

ಬರೆದುಕೊಡುವುದಿಲ್ಲ, ಮೊದಲು ದಿನ ಎಣಿಸಿ. ತೀರಿಕೊಂಡ ದಿನವೇ ಒಂದನೆಯ ದಿನ. ಜೂನ್ 3ರಂದು ಹೋದವರಿಗೆ ಹದಿಮೂರನೆಯ ದಿನ ಜೂನ್ 15 ಆಗುತ್ತದೆಯೇ ಹೊರತು, ಮೂರಕ್ಕೆ ಹದಿಮೂರು ಕೂಡಿಸಿ ಬರುವ 16 ಅಲ್ಲ. ರಾತ್ರಿ ಹನ್ನೆರಡರ ನಂತರ, ಬೆಳಗಾಗುವ ಮೊದಲು ಪ್ರಾಣ ಹೋಗಿದ್ದರೆ ಯಾವ ದಿನದಿಂದ ಎಣಿಸಬೇಕೆಂಬುದನ್ನು ಪುರೋಹಿತರಿಂದ ಕೇಳಿ ತಿಳಿದ ಮೇಲೆಯೇ ಅಚ್ಚಿಗೆ ಕೊಡಿ.

ಇನ್ನು ಶೀರ್ಷಿಕೆ. ಪ್ರೆಸ್ಸಿನಲ್ಲಿ ಸಿದ್ಧವಾಗಿರುವ ಮಾದರಿಯಲ್ಲಿ ಹೆಸರನ್ನಷ್ಟೇ ಬದಲಿಸಿದಾಗ, ಮೇಲೆ “ವೈಕುಂಠ ಸಮಾರಾಧನೆ”, ಕೆಳಗೆ “ಲಿಂಗೈಕ್ಯರಾದ” ಎಂದು ಅಚ್ಚಾಗಿ ಬಂದ ಪತ್ರಿಕೆಗಳನ್ನು ನಾನು ನೋಡಿದ್ದೇನೆ. ಲಿಂಗಾಯತರ ಮನೆಯಲ್ಲಿ ಶಿವಗಣಾರಾಧನೆ ಎನ್ನುವುದು ವಾಡಿಕೆ. ನಿಮ್ಮ ಮನೆತನದ ಮಾತೇ ಪತ್ರಿಕೆಯಲ್ಲಿರಲಿ.

ಆದರೆ ಯಾರೂ ಕೇಳದ ಪ್ರಶ್ನೆ ಬೇರೆಯೇ ಇದೆ: ಬರುವವರಿಗೆ ಏನು ತಿಳಿಸಬೇಕು? ನಮ್ಮ ಬಂಧುಗಳ ಮನೆಯೊಂದರ ಪತ್ರಿಕೆಯಲ್ಲಿ “ಮಧ್ಯಾಹ್ನ 12ಕ್ಕೆ” ಎಂದಷ್ಟೇ ಇತ್ತು. ಪ್ರಾರ್ಥನೆ ಮತ್ತು ನುಡಿನಮನ ಹತ್ತೂವರೆಗೇ ಆರಂಭವಾಗಿ, ಶಿವಮೊಗ್ಗದಿಂದ ಹೊರಟ ಮೃತರ ಸ್ವಂತ ತಂಗಿ ಬಂದು ತಲುಪುವ ಹೊತ್ತಿಗೆ ಎಲೆ ಹಾಕಿದ್ದರು. ಅಣ್ಣನ ಬಗ್ಗೆ ನಾಲ್ಕು ಮಾತು ಆಡಲೆಂದೇ ಬಂದಿದ್ದ ಆ ಅತ್ತೆಗೆ, “ಊಟಕ್ಕೆ ಸರಿಯಾಗಿ ಬಂದಿರಿ” ಎಂದು ಸ್ವಾಗತಿಸಿದವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಆದ್ದರಿಂದ ಹೀಗೆ ಬರೆಯಿರಿ: “ನಮ್ಮ ಪೂಜ್ಯ ತಂದೆಯವರು ಜೂನ್ 3ರಂದು ದೈವಾಧೀನರಾದ ಪ್ರಯುಕ್ತ, ಜೂನ್ 15ರಂದು ನಮ್ಮ ಸ್ವಗೃಹದಲ್ಲಿ ವೈಕುಂಠ ಸಮಾರಾಧನೆಯನ್ನು ಏರ್ಪಡಿಸಲಾಗಿದೆ. ಬೆಳಿಗ್ಗೆ 10:30ಕ್ಕೆ ಪ್ರಾರ್ಥನೆ, 11:30ಕ್ಕೆ ನುಡಿನಮನ, 12:30ಕ್ಕೆ ಪ್ರಸಾದ ಭೋಜನ. ತಾವು ಸಕುಟುಂಬ ಆಗಮಿಸಿ ಮೃತರ ಆತ್ಮಕ್ಕೆ ಚಿರಶಾಂತಿಯನ್ನು ಕೋರಬೇಕಾಗಿ ವಿನಂತಿ. ಇಂತಿ, ದುಃಖತಪ್ತರು.” ಮದುವೆಯ ಪತ್ರಿಕೆಯ “ಸುಖಾಗಮನ ಬಯಸುವ” ಇಲ್ಲಿ ಬೇಡ, ಮೂಲೆಗೆ ಅರಿಶಿನ ಕುಂಕುಮವೂ ಬೇಡ.

ಹತ್ತನೆಯ ದಿನದ ಧರ್ಮೋದಕಕ್ಕೆ, ಅಂದರೆ ಮೇಲಿನ ಲೆಕ್ಕದಲ್ಲಿ ಜೂನ್ 12ಕ್ಕೆ, ದಾಯಾದಿಗಳು ಬರಬೇಕಾಗಿದ್ದರೆ ಅದನ್ನು ಎಲ್ಲರ ಪತ್ರಿಕೆಯಲ್ಲಿ ಅಚ್ಚು ಹಾಕಿಸದೆ ಅವರಿಗೆ ಮಾತ್ರ ಫೋನಿನಲ್ಲಿ ಹೇಳಿ. ಬಟ್ಟೆ ಉಡುಗೊರೆಯನ್ನು ನೀವು ಸ್ವೀಕರಿಸುವುದಿಲ್ಲವಾದರೆ ಒಂದೇ ಸಾಲಿನಲ್ಲಿ ತಿಳಿಸಿಬಿಡಿ, ಇಲ್ಲವಾದರೆ ದೂರದಿಂದ ಬರುವವರು ಪಂಚೆ, ಸೀರೆ ಹೊತ್ತು ತಂದು ಮುಜುಗರಪಡುತ್ತಾರೆ. ಕೊನೆಯಲ್ಲಿ ಕೊಡುವ ಫೋನ್ ಸಂಖ್ಯೆ ಕರ್ಮಕ್ಕೆ ಕುಳಿತ ಮಗನದ್ದಾಗಬಾರದು. ಆ ಬೆಳಿಗ್ಗೆ ದಾರಿ ಕೇಳುವವರಿಗೆ ಉತ್ತರಿಸಬಲ್ಲ ಅಳಿಯನದ್ದೋ ಸೋದರಳಿಯನದ್ದೋ ಇರಲಿ.