ಖಂಡ–ಸಾಗರ ರಸಪ್ರಶ್ನೆ: ಮೂರು ವಾರ ಕಾಡಿದ ಎರಡನೇ ಪ್ರಶ್ನೆ ಕೊನೆಗೂ ಸರಿಹೋಯ್ತು

ನಾಲ್ಕು–ಐದನೇ ತರಗತಿ ಮಕ್ಕಳಿಗಾಗಿ ಮಾಡುತ್ತಿದ್ದ ಐದು ಪ್ರಶ್ನೆಯ ಹಾಳೆ ನಿನ್ನೆ ರಾತ್ರಿ ಮುಗಿಯಿತು. ಸರಿಯುತ್ತರಗಳನ್ನು ಅ, ಆ, ಇ ನಡುವೆ ಹಂಚುವುದು, ಆಯ್ಕೆಗಳ ಉದ್ದ ಒಂದೇ ತರ ಇಡುವುದು ಇದೆಲ್ಲ ನಿಮಗೆ ಗೊತ್ತೇ ಇದೆ, ಬಿಡಿ. ನನ್ನನ್ನು ಕಾಡಿದ್ದು ಎರಡನೇ ಪ್ರಶ್ನೆ.

ಮೊದಲು ಅದು ಹೀಗಿತ್ತು: ‘ಮಹಾಸಾಗರಗಳು ಎಷ್ಟು? ಮೂರು, ನಾಲ್ಕು, ಐದು.’ ಉತ್ತರ ಐದು. ದಾವಣಗೆರೆಯ ನಮ್ಮ ಬೀದಿಯ ಆರು ಮಕ್ಕಳನ್ನು ಭಾನುವಾರ ಕೂರಿಸಿ, ಮಂಡಕ್ಕಿ ಕೊಟ್ಟು ಹಾಳೆ ಹಂಚಿದೆ. ಇಬ್ಬರು ನಾಲ್ಕು ಎಂದರು. ‘ಆಂಟೀ, ನಮ್ಮಜ್ಜ ಓದಿದ ಪುಸ್ತಕದಲ್ಲಿ ನಾಲ್ಕೇ ಇದೆ’ ಎಂದು ಒಬ್ಬಳು ಪುಸ್ತಕವನ್ನೇ ತಂದು ತೋರಿಸಿದಳು. ಅವಳದು ತಪ್ಪಲ್ಲ. ಅಂತರರಾಷ್ಟ್ರೀಯ ಜಲ ಸಮೀಕ್ಷಾ ಸಂಸ್ಥೆ 1953ರಲ್ಲಿ ಹೊರತಂದ ಸಾಗರಗಳ ಗಡಿ ಪಟ್ಟಿಯಲ್ಲಿ ದಕ್ಷಿಣ ಮಹಾಸಾಗರ ಇರಲಿಲ್ಲ. ನ್ಯಾಷನಲ್ ಜಿಯಾಗ್ರಫಿಕ್ ತನ್ನ ಭೂಪಟಗಳಲ್ಲಿ ಅದನ್ನು ಐದನೆಯದಾಗಿ ಒಪ್ಪಿಕೊಂಡದ್ದೇ 2021ರ ಜೂನ್‌ನಲ್ಲಿ.

ಸರಿ, ‘ನಾಲ್ಕು’ ತೆಗೆದು ‘ಏಳು’ ಹಾಕಿದೆ. ಅದು ಇನ್ನೂ ಕೆಟ್ಟದಾಯಿತು. ನಾಲ್ಕು ಎಂದು ಕಲಿತ ಮಗು ಪೆನ್ಸಿಲ್ ಹಿಡಿದು ಸುಮ್ನೆ ಕೂತುಬಿಟ್ಟಿತು. ಅದು ಕಲಿತದ್ದು ಹಾಳೆಯಲ್ಲೇ ಇಲ್ಲ, ಏನು ಮಾಡಬೇಕು?

ಮುಂದಿನ ವಾರ ಎಣಿಕೆಯನ್ನೇ ಬಿಟ್ಟೆ. ‘ಅಂಟಾರ್ಕ್ಟಿಕಾದ ಸುತ್ತ ಇರುವ ಮಹಾಸಾಗರ ಯಾವುದು? ಹಿಂದೂ, ದಕ್ಷಿಣ, ಆರ್ಕ್ಟಿಕ್.’ ಐದರ ಲೆಕ್ಕದಲ್ಲಿ 60 ಡಿಗ್ರಿ ದಕ್ಷಿಣ ಅಕ್ಷಾಂಶದಿಂದ ಕೆಳಗಿನ ನೀರೆಲ್ಲ ದಕ್ಷಿಣ ಮಹಾಸಾಗರ. ನಾಲ್ಕರ ಲೆಕ್ಕದಲ್ಲಿ ಹಿಂದೂ ಮಹಾಸಾಗರ ನೇರ ಅಂಟಾರ್ಕ್ಟಿಕಾದ ದಡದವರೆಗೂ ಹೋಗುತ್ತದೆ. ಅಂದರೆ ಹಿಂದೂ ಎಂದು ಗುರುತು ಹಾಕಿದವರಿಗೂ ಅಂಕ ಕೊಡಬೇಕು. ‘ಅಂಟಾರ್ಕ್ಟಿಕಾವನ್ನು ಮುಟ್ಟದ ಸಾಗರ’ ಎಂದು ತಿರುಗಿಸಿದೆ, ಉತ್ತರ ಆರ್ಕ್ಟಿಕ್. ಆದರೆ ಐದರ ಲೆಕ್ಕದಲ್ಲಿ ಹಿಂದೂ ಕೂಡ ಮುಟ್ಟುವುದಿಲ್ಲ, ಅಲ್ವಾ! ಮತ್ತೆ ಎರಡು ಉತ್ತರ.

ಇದರ ಮಧ್ಯೆ ಅಂಗಡಿಯಿಂದ ತಂದ ಗೋಡೆ ಭೂಪಟ ಬೇರೆ ಕೈಕೊಟ್ಟಿತು. ಅಂಟಾರ್ಕ್ಟಿಕಾ ಅದರಲ್ಲಿ ಬುಡದ ಬಿಳಿ ಪಟ್ಟಿ, ಅರ್ಧ ಅಂಚಿನಲ್ಲೇ ಕತ್ತರಿಸಿಹೋಗಿದೆ. ಒಬ್ಬ ಹುಡುಗ ಆ ಅಂಚಿನ ಮೇಲೆ ಬೆರಳಿಟ್ಟು, ‘ಇದರ ಕೆಳಗೆ ನೀರೇ ಇಲ್ವಲ್ಲ, ಸುತ್ತ ಹೆಂಗೆ ಬರುತ್ತೆ?’ ಎಂದ. ಭೂಪಟ ವಾಪಸ್ ತಗೊಳ್ಳಲ್ಲ ಎಂದರು ಅಂಗಡಿಯವರು. ಒಂದು ರಬ್ಬರ್ ಚೆಂಡು ತಂದು, ಮಾರ್ಕರ್‌ನಲ್ಲಿ ಖಂಡಗಳನ್ನು ಬರೆದು ಅವನ ಕೈಗೆ ಕೊಟ್ಟೆ. ತಿರುಗಿಸಿ ಬುಡ ನೋಡಿದ: ನಡುವೆ ನೆಲ, ಸುತ್ತಲೂ ನೀರು. ಆಮೇಲೆ ತಾನಾಗಿಯೇ ಚೆಂಡು ತಲೆಕೆಳಗು ಮಾಡಿ, ‘ಈ ಕಡೆ ನಡುವೆ ನೀರಿದೆ’ ಎಂದ.

ಪ್ರಶ್ನೆ ಅಲ್ಲಿ ಸಿಕ್ಕಿತು. ಉತ್ತರ ಧ್ರುವ! ಅಲ್ಲಿ ಇರುವುದು ಆರ್ಕ್ಟಿಕ್. ನಾಲ್ಕು ಎಂದು ಎಣಿಸಿದರೂ, ಐದು ಎಂದು ಎಣಿಸಿದರೂ ಅದು ಬದಲಾಗುವುದಿಲ್ಲ. ಈಗ ಪ್ರತಿ ಪ್ರಶ್ನೆಯನ್ನೂ ಎರಡು ಸಲ ಓದುತ್ತೇನೆ, ಒಮ್ಮೆ ಅಜ್ಜನ ಪುಸ್ತಕ ಇಟ್ಟುಕೊಂಡು, ಒಮ್ಮೆ ಹೊಸ ಭೂಪಟ ಇಟ್ಟುಕೊಂಡು. ಎರಡರಲ್ಲೂ ಒಂದೇ ಉತ್ತರ ಬಂದರೆ ಮಾತ್ರ ಹಾಳೆಗೆ.

ನಾಲ್ಕನೇ ಪ್ರಶ್ನೆ ನನಗೆ ತುಂಬಾ ಇಷ್ಟ. ತುಂಗಭದ್ರೆ ಹುಟ್ಟುವುದು ಪಶ್ಚಿಮಘಟ್ಟದಲ್ಲಿ, ಅರಬ್ಬಿ ಸಮುದ್ರಕ್ಕೆ ಹತ್ತಿರ. ಹರಿಯುವುದು ಮಾತ್ರ ಪೂರ್ವಕ್ಕೆ. ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಮಕ್ಕಳು ಅರಬ್ಬಿ ಸಮುದ್ರ ಎಂದುಕೊಂಡರೂ ಪರವಾಗಿಲ್ಲ, ಎರಡೂ ಒಂದೇ ಮಹಾಸಾಗರದ ಭಾಗ. ಆದರೆ ದಾರಿ ತಪ್ಪಾಗಿಯೇ ಉಳಿಯುತ್ತದಲ್ಲ? ಅದಕ್ಕೇ ಮುಂದಿನ ಕೆಲಸ ನದಿ ಕಾರ್ಡುಗಳು: ಹರಿಹರದಿಂದ ಶುರು, ಒಂದೊಂದು ಕಾರ್ಡಿಗೆ ಒಂದೊಂದು ಊರು, ಕೊನೇ ಕಾರ್ಡು ಸಮುದ್ರ. ರಟ್ಟು ಈಗಾಗಲೇ ಕತ್ತರಿಸಿಟ್ಟಿದ್ದೇನೆ.

ಹಾಳೆ ಈಗ ಹೀಗಿದೆ, ಬೇಕಾದವರು ಬರೆದುಕೊಳ್ಳಿ.

1. ಎಲ್ಲಕ್ಕಿಂತ ದೊಡ್ಡ ಖಂಡ ಯಾವುದು?
ಅ) ಆಫ್ರಿಕಾ ಆ) ಏಷ್ಯಾ ಇ) ಯೂರೋಪ್

2. ಉತ್ತರ ಧ್ರುವ ಯಾವ ಮಹಾಸಾಗರದಲ್ಲಿದೆ?
ಅ) ಪೆಸಿಫಿಕ್ ಆ) ಹಿಂದೂ ಇ) ಆರ್ಕ್ಟಿಕ್

3. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ನಡುವೆ ಇರುವ ಮಹಾಸಾಗರ?
ಅ) ಅಟ್ಲಾಂಟಿಕ್ ಆ) ಹಿಂದೂ ಇ) ಆರ್ಕ್ಟಿಕ್

4. ಹರಿಹರದಲ್ಲಿ ಹರಿಯುವ ತುಂಗಭದ್ರೆಯ ನೀರು ಕೊನೆಗೆ ಸೇರುವ ಮಹಾಸಾಗರ?
ಅ) ಪೆಸಿಫಿಕ್ ಆ) ಹಿಂದೂ ಇ) ಅಟ್ಲಾಂಟಿಕ್

5. ಎಲ್ಲಕ್ಕಿಂತ ಚಿಕ್ಕ ಖಂಡ ಯಾವುದು?
ಅ) ಯೂರೋಪ್ ಆ) ಅಂಟಾರ್ಕ್ಟಿಕಾ ಇ) ಆಸ್ಟ್ರೇಲಿಯಾ

ಸರಿಯುತ್ತರ: 1–ಆ, 2–ಇ, 3–ಅ, 4–ಆ, 5–ಇ.