ಎಂಟೋ ಸೊನ್ನೆಯೋ

ಬದಿಯಡ್ಕದ ಮೆಡಿಕಲ್ ಶಾಪಿನಲ್ಲಿ ನನ್ನದು ಫಾರ್ಮಸಿಸ್ಟ್ ಕೆಲಸ. ಗುಣಮಟ್ಟ ಇಲ್ಲವೆಂದು ಔಷಧ ನಿಯಂತ್ರಣ ಇಲಾಖೆ ತಡೆದ ಬ್ಯಾಚ್‌ಗಳ ಪಟ್ಟಿ ಆಗಾಗ ಬರುತ್ತದೆ. ಬಂದಕೂಡಲೇ ಕಂಪ್ಯೂಟರಿನಲ್ಲಿ ನಂಬರ್ ಹಾಕಿ ಹುಡುಕುವುದು ವಾಡಿಕೆ. ಮಳೆಗಾಲದ ಒಂದು ಬೆಳಿಗ್ಗೆ ಬಂದ ಪಟ್ಟಿಯಲ್ಲಿ ಒಂದು ಕೆಮ್ಮಿನ ಸಿರಪ್ ಇತ್ತು, ಬ್ಯಾಚ್ 2418. ಹುಡುಕಿದರೆ ಏನೂ ಸಿಗಲಿಲ್ಲ. ನಮ್ಮಲ್ಲಿರುವುದು 2410 ಎಂದು ತೋರಿಸಿತು.

ಸಿರಪ್ಪಿನ ಹೆಸರು ಅದೇ ಆದ್ದರಿಂದ ಮನಸ್ಸು ಒಪ್ಪದೆ ಪೆಟ್ಟಿಗೆ ಇಳಿಸಿ ಬೆಳಕಿಗೆ ಹಿಡಿದೆ. ಬ್ಯಾಚ್ ನಂಬರಿನ ಕೊನೆಯ ಅಂಕಿಯ ನಡು ಮೂಡಿರಲಿಲ್ಲ. "ಅಣ್ಣಾ, ಇದು ಎಂಟೋ ಸೊನ್ನೆಯೋ, ಹೇಳಿ ನೋಡುವ" ಎಂದೆ. ಅಂಗಡಿ ಯಜಮಾನರು ಕನ್ನಡಕ ಏರಿಸಿ, "ಸೊನ್ನೆಯ ಹಾಗೇ ಕಾಣ್ತದಲ್ಲ ಅಕ್ಕ" ಎಂದರು.

ಪೆಟ್ಟಿಗೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಅಚ್ಚಾಗುವ ಈ ಅಂಕಿಗಳು ಸಾಮಾನ್ಯವಾಗಿ ಅಡ್ಡಕ್ಕೆ ಐದು, ಉದ್ದಕ್ಕೆ ಏಳು ಚುಕ್ಕೆಯ ಚೌಕಟ್ಟಿನಲ್ಲಿ ಕೂರುತ್ತವೆ. ಎಂಟಕ್ಕೂ ಸೊನ್ನೆಗೂ ಇರುವ ಮುಖ್ಯ ವ್ಯತ್ಯಾಸ ನಡುವಿನ, ಅಂದರೆ ನಾಲ್ಕನೆಯ ಸಾಲು. ಸಾಲಿಗೊಂದು ರಂಧ್ರವಿರುವ ಮುದ್ರಣ ಯಂತ್ರದಲ್ಲಿ ಒಂದು ರಂಧ್ರಕ್ಕೆ ಶಾಯಿ ಒಣಗಿ ಕಟ್ಟಿಕೊಂಡರೆ ಆ ಎತ್ತರದ ಚುಕ್ಕೆಗಳೆಲ್ಲ ಹೋಗುತ್ತವೆ. ಆಗ ಎರಡೂ ಅಂಕಿಗಳು ಒಂದೇ ಆಗಿಬಿಡುತ್ತವೆ. ಕೈ ಉಜ್ಜಿ ಅಳಿಸಿದ್ದಾದರೆ ಒಂದೆಡೆ ಮಾತ್ರ, ಅಂಕುಡೊಂಕಾಗಿ ಹೋಗಿರುತ್ತದೆ. ಇಲ್ಲಿ ಇಡೀ ಸಾಲಿನ ಅಂಕಿಗಳಿಗೆ ಒಂದೇ ಎತ್ತರದಲ್ಲಿ ಬಿಳಿ ಗೆರೆ ಎಳೆದ ಹಾಗಿತ್ತು. ಎಕ್ಸ್‌ಪೈರಿಯ ತಿಂಗಳೂ "00"ಯಂತೆ ಕಂಡಿತು. ಅಂಥ ತಿಂಗಳೇ ಇಲ್ಲ, ಹಾಗಾಗಿ ಅದು 08 ಎಂದು ಗೊತ್ತಾಯಿತು. ತಯಾರಿ 09/2023, ಎಕ್ಸ್‌ಪೈರಿ 08/2025, ಎರಡು ವರ್ಷದ ಲೆಕ್ಕವೂ ಕೂಡಿಬಂತು. ತಾರೀಕಿಗೆ ಇಂಥ ಆಸರೆ ಇದೆ. ಬ್ಯಾಚ್ ನಂಬರಿಗೆ ಇಲ್ಲ, 2410 ಮತ್ತು 2418 ಎರಡೂ ಇರಬಹುದಾದ ನಂಬರುಗಳೇ.

ಇನ್‌ವಾಯ್ಸ್ ತೆಗೆದೆ. ಅದರಲ್ಲೂ 2410. ಆದರೆ ಹೋಲ್‌ಸೇಲಿನವರು ಇದೇ ಪೆಟ್ಟಿಗೆ ನೋಡಿ ಟೈಪ್ ಮಾಡಿದ್ದರೆ ಅದು ಬೇರೆ ಸಾಕ್ಷಿಯಾಗುವುದಿಲ್ಲ. ಬಾಟಲಿಯ ಲೇಬಲ್ ಬೇರೆ ಯಂತ್ರದಲ್ಲಿ ಅಚ್ಚಾದದ್ದು. ಪೆಟ್ಟಿಗೆ ಬಿಚ್ಚಿ ನೋಡಿದೆ. ಸ್ಪಷ್ಟವಾಗಿ 2418.

ನನಗೆ ನಿಜಕ್ಕೂ ಭಯವಾದದ್ದು ಆಮೇಲೆ. ಗಿರಾಕಿಗಳ ಬಿಲ್ಲಿನಲ್ಲೂ 2410 ಎಂದೇ ಇದೆ. ಪಟ್ಟಿಯ ನಂಬರ್ ಹಾಕಿ ಹುಡುಕಿದರೆ ಅವರು ಯಾರೂ ಎಂದಿಗೂ ಸಿಗುತ್ತಿರಲಿಲ್ಲ. ತಪ್ಪು ನಂಬರಿನಿಂದಲೇ ಹುಡುಕಿ ಒಬ್ಬೊಬ್ಬರಿಗೂ ಫೋನ್ ಮಾಡಿದೆವು. ಪೆರ್ಲದ ಕಡೆಯ ಒಬ್ಬ ಅಮ್ಮ, "ಮಗುವಿಗೆ ಎರಡು ಚಮಚ ಕೊಟ್ಟಾಗಿದೆ ಮಗಾ" ಎಂದರು. ಇನ್ನು ಕೊಡಬೇಡಿ, ಮಗುವನ್ನು ಡಾಕ್ಟರಿಗೆ ಒಮ್ಮೆ ತೋರಿಸಿ, ಬಾಟಲಿ ತನ್ನಿ ಎಂದೆ. ಉಳಿದ ಸ್ಟಾಕನ್ನು ಬೇರೆ ಕಟ್ಟಿಟ್ಟು, ಎರಡೂ ನಂಬರ್ ಬರೆದು, ಇಲಾಖೆಗೆ ತಿಳಿಸಿ, ಹೋಲ್‌ಸೇಲಿನವರಿಗೆ ವಾಪಸ್ ಕಳಿಸಿದೆವು.

ಈಗ ಮಾಲು ಬಂದಾಗ ಅಂಕಿಗಳ ನಡುವೆ ಬಿಳಿ ಗೆರೆ ಕಂಡರೆ ಒಂದು ಪೆಟ್ಟಿಗೆ ಬಿಚ್ಚಿ, ಬಾಟಲಿಯ ನಂಬರ್ ನೋಡಿಯೇ ಕಂಪ್ಯೂಟರಿಗೆ ಹಾಕುತ್ತೇವೆ.